184 ನೋಡಿ ಬೀಗಿದ ಗೆಳೆಯ: ಕೊಲೆಸ್ಟ್ರಾಲ್ ರಿಪೋರ್ಟ್ ಓದುವುದು ಹೇಗೆ?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ಆರೂವರೆಗೆ ನಾನೂ ವೆಂಕಟೇಶನೂ ನಡೆಯುತ್ತೇವೆ. ಇಬ್ಬರಿಗೂ 61. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನೀಷಿಯನ್ ಆಗಿದ್ದು ನಿವೃತ್ತನಾದವನು, ಅವನು ಬ್ಯಾಂಕಿನವನು. ಕಳೆದ ವಾರ ಒಂದೇ ದಿನ ರಕ್ತ ಕೊಟ್ಟಿದ್ದೆವು. ಮೊನ್ನೆ ಅವನು ರಿಪೋರ್ಟನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಬಂದ. ಮುಖದಲ್ಲಿ ಗೆದ್ದ ಕಳೆ.

“ನನ್ನ ಒಟ್ಟು ಕೊಲೆಸ್ಟ್ರಾಲ್ 184. ನಿನ್ನದು?”

“212.”

“ನೋಡು ಮತ್ತೆ! ಇಪ್ಪತ್ತು ವರ್ಷದಿಂದ ನಡೆಯುತ್ತಿದ್ದೀಯ, ನಾನು ಶುರುಮಾಡಿ ಆರು ತಿಂಗಳಾಗಿಲ್ಲ. ನನ್ನದು ನಾರ್ಮಲ್. ಇನ್ನು ರಾತ್ರಿ ಆ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟುಬಿಡೋಣ ಅಂತಿದ್ದೀನಿ.”

ಮಾತ್ರೆಯ ಮಾತು ಬಂದದ್ದಕ್ಕೆ ಕಲ್ಲು ಬೆಂಚಿನ ಮೇಲೆ ಕೂರಿಸಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಬಿಡಿಸಿದೆ. ಇಲ್ಲದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಹೆಜ್ಜೆ 1: ಮೊದಲ ಸಾಲನ್ನು ಬೆರಳಿಂದ ಮುಚ್ಚಿ

“ಆ 184 ಮುಚ್ಚಿ, ಕೆಳಗಿನದನ್ನು ಓದು.”

ಅವನು ಓದಿದ. ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 104. ನನ್ನ ಹಾಳೆಯಲ್ಲಿ ಎಚ್‌ಡಿಎಲ್ 68, ಟ್ರೈಗ್ಲಿಸರೈಡ್ 90, ಎಲ್‌ಡಿಎಲ್ 126.

“ನಿನ್ನದರಲ್ಲಿ ಎರಡು ಕಡೆ ದಪ್ಪಕ್ಷರ ಇದೆಯಲ್ಲ?”

“ಅದು ಟ್ರೈಗ್ಲಿಸರೈಡ್ ಕಣಯ್ಯ, ಕೊಲೆಸ್ಟ್ರಾಲ್ ಅಲ್ವಲ್ಲ. ಇನ್ನೊಂದು ಕಡಿಮೆ ಇದೆ. ಕಡಿಮೆ ಇದ್ದರೆ ಒಳ್ಳೆಯದು ತಾನೆ?”

ಇಲ್ಲೇ ಎಲ್ಲರೂ ಎಡವುವುದು. ಕೊಲೆಸ್ಟ್ರಾಲ್ ಕೊಬ್ಬಿನ ಜಾತಿಯದು, ರಕ್ತದಲ್ಲಿ ಕರಗುವುದಿಲ್ಲ. ಹಾಗಾಗಿ ಗಾಡಿ ಹತ್ತಿಯೇ ಓಡಾಡಬೇಕು. ಎಲ್‌ಡಿಎಲ್ ಎಂಬ ಗಾಡಿ ಜಾಸ್ತಿಯಾದಷ್ಟೂ ರಕ್ತನಾಳದ ಗೋಡೆಯೊಳಗೆ ಸರಕು ಇಳಿಸುತ್ತದೆ. ಎಚ್‌ಡಿಎಲ್ ಅಲ್ಲಿಂದ ಹೇರಿಕೊಂಡು ಯಕೃತ್ತಿಗೆ ಮರಳಿಸುತ್ತದೆ. ಟ್ರೈಗ್ಲಿಸರೈಡ್ ಹೊತ್ತ ವಿಎಲ್‌ಡಿಎಲ್ ಗಾಡಿಯಲ್ಲೂ ಒಂದಿಷ್ಟು ಕೊಲೆಸ್ಟ್ರಾಲ್ ಇರುತ್ತದೆ. ‘ಒಟ್ಟು’ ಅಂದರೆ ಈ ಮೂರರ ಮೊತ್ತ. ಗಂಡಸರಲ್ಲಿ ಎಚ್‌ಡಿಎಲ್ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಅದು ಕೊರತೆ. ವೆಂಕಟೇಶನ 184 ಚಿಕ್ಕದಾಗಿ ಕಂಡದ್ದಕ್ಕೆ ಅರ್ಧ ಕಾರಣ ಅವನ ಒಳ್ಳೆಯ ಭಾಗವೇ ಕಡಿಮೆ ಇರುವುದು!

ಹೆಜ್ಜೆ 2: ಒಂದೇ ಒಂದು ಕಳೆಯುವ ಲೆಕ್ಕ

“ಬ್ಯಾಂಕಿನವನಲ್ವಾ, ಒಟ್ಟರಲ್ಲಿ ಎಚ್‌ಡಿಎಲ್ ಕಳೆ.”

“184ರಲ್ಲಿ 32 ಹೋದರೆ 152. ನಿನ್ನದು 212ರಲ್ಲಿ 68 ಹೋದರೆ… 144.” ಅವನ ದನಿ ಸ್ವಲ್ಪ ಇಳಿಯಿತು. “ಅಂದರೆ ನಿನಗಿಂತ ನನ್ನದೇ ಜಾಸ್ತಿನಾ?”

ಹೌದು. ಹೀಗೆ ಉಳಿದದ್ದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ನಾಳಕ್ಕೆ ತೊಂದರೆ ಕೊಡುವ ಎಲ್ಲ ಗಾಡಿಗಳ ಸರಕೂ ಇದರಲ್ಲಿ ಬರುತ್ತದೆ. ಕೆಲವು ಲ್ಯಾಬ್‌ಗಳು ಇದನ್ನು ಅಚ್ಚು ಹಾಕಿಸುತ್ತವೆ, ಕೆಲವು ಹಾಕಿಸುವುದಿಲ್ಲ. ಇಲ್ಲದಿದ್ದರೆ ಪೆನ್ನಿನಲ್ಲಿ ನೀವೇ ಬರೆದುಕೊಳ್ಳಿ. ಇಡೀ ಹಾಳೆಯಲ್ಲಿ ಒಂದೇ ಅಂಕಿ ಇಟ್ಟುಕೋ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಹೆಜ್ಜೆ 3: ಎಲ್‌ಡಿಎಲ್ ಅಳೆದದ್ದೋ, ಲೆಕ್ಕ ಹಾಕಿದ್ದೋ ನೋಡಿ

“ಎಲ್‌ಡಿಎಲ್ ಮಾತ್ರ ನಿನಗಿಂತ ಕಡಿಮೆ ಇದೆ, 104,” ಎಂದು ವೆಂಕಟೇಶ ಮತ್ತೆ ತಲೆಯೆತ್ತಿದ.

“ಅದರ ಪಕ್ಕ ‘ಕ್ಯಾಲ್ಕ್ಯುಲೇಟೆಡ್’ ಅಂತಿದೆ ನೋಡು. ಅದನ್ನು ಯಂತ್ರ ಅಳೆದಿಲ್ಲ.”

ಬಹಳ ಲ್ಯಾಬ್‌ಗಳಲ್ಲಿ ಇಂದಿಗೂ 1972ರ ಫ್ರೀಡ್‌ವಾಲ್ಡ್ ಸೂತ್ರವೇ ನಡೆಯುತ್ತದೆ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್ ಎಂದು ಅಂದಾಜು. ಒಟ್ಟರಿಂದ ಎಚ್‌ಡಿಎಲ್ಲನ್ನೂ ಅದನ್ನೂ ಕಳೆದರೆ ಉಳಿದದ್ದು ಎಲ್‌ಡಿಎಲ್. ವೆಂಕಟೇಶನಿಗೆ ಹೀಗೆ:

240 ÷ 5 = 48
184 − 32 − 48 = 104

ಟ್ರೈಗ್ಲಿಸರೈಡ್ ಏರಿದಷ್ಟೂ ಈ ‘ಐದನೇ ಒಂದು ಭಾಗ’ದ ಅಂದಾಜು ಹಳಿ ತಪ್ಪುತ್ತದೆ. ಕಳೆಯಬೇಕಾದ್ದಕ್ಕಿಂತ ಜಾಸ್ತಿ ಕಳೆದು, ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಕಾಣಬಹುದು. 400 ದಾಟಿದರೆ ಈ ಸೂತ್ರವನ್ನು ಬಳಸುವಂತೆಯೇ ಇಲ್ಲ. ಆಗ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವ ಪರೀಕ್ಷೆ ಕೇಳಬೇಕು.

“ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಊಟ ಮಾಡಿದ್ದೆ?”

“ಮದುವೆ ರಿಸೆಪ್ಷನ್ ಇತ್ತು. ಹನ್ನೊಂದಾಯಿತು. ಎರಡು ಹೋಳಿಗೆ.”

ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟಿದ್ದ. ನಡುವೆ ಎಂಟೇ ಗಂಟೆ. ಟ್ರೈಗ್ಲಿಸರೈಡ್ ಸರಿಯಾಗಿ ತಿಳಿಯಬೇಕಾದರೆ 9ರಿಂದ 12 ಗಂಟೆ ಖಾಲಿ ಹೊಟ್ಟೆ ಬೇಕು. ನೀರು ಕುಡಿಯಬಹುದು, ಕಾಫಿ ಬೇಡ. ಅವನ 240ರಲ್ಲಿ ಹೋಳಿಗೆಯ ಪಾಲೂ ಸ್ವಲ್ಪ ಇರಬಹುದು. ಆದರೆ ಒಟ್ಟು ಮತ್ತು ಎಚ್‌ಡಿಎಲ್ ಊಟದಿಂದ ಅಷ್ಟಾಗಿ ಅಲ್ಲಾಡುವುದಿಲ್ಲ. ಹಾಗಾಗಿ 152 ಹೋಳಿಗೆಯ ತಪ್ಪಲ್ಲ.

ಹೆಜ್ಜೆ 4: ಹಾಳೆ ಯಾರದ್ದು ಎಂದು ನೋಡಿ

“ಸರಿ ಮಾರಾಯ, 144ಕ್ಕೂ 152ಕ್ಕೂ ಅಂಥಾ ವ್ಯತ್ಯಾಸವೇನು?”

ಅಂಕಿಯಲ್ಲಿ ಏನೂ ಇಲ್ಲ. ವ್ಯತ್ಯಾಸ ಇರುವುದು ಮನುಷ್ಯರಲ್ಲಿ. ರಿಪೋರ್ಟಿನ ಬಲಬದಿಯಲ್ಲಿ ಅಚ್ಚಾಗುವ ಮಿತಿ ಎಲ್ಲರಿಗೂ ಒಂದೇ. ಆ ಯಂತ್ರಕ್ಕೆ ವೆಂಕಟೇಶನಿಗೆ ಎಂಟು ವರ್ಷದಿಂದ ಶುಗರ್ ಇರುವುದು ಗೊತ್ತಿಲ್ಲ, ಬಿಪಿ ಇರುವುದೂ ಗೊತ್ತಿಲ್ಲ. ಎರಡೂ ಇದ್ದವರಿಗೆ ಎಲ್‌ಡಿಎಲ್ 70ಕ್ಕಿಂತ, ನಾನ್-ಎಚ್‌ಡಿಎಲ್ 100ಕ್ಕಿಂತ ಕೆಳಗಿರಲಿ ಎಂದು ವೈದ್ಯರು ಸಾಮಾನ್ಯವಾಗಿ ನೋಡುತ್ತಾರೆ. ಆ ಲೆಕ್ಕದಲ್ಲಿ ಅವನು ಗುರಿಯಿಂದ ಬಹಳ ದೂರ ಇದ್ದಾನೆ.

ಹಾಗಂತ ನಾನೂ ಬೀಗುವಂತಿಲ್ಲ. ಎಚ್‌ಡಿಎಲ್ 68 ಇದೆ ಎಂದರೆ ಅದೇನೂ ರಕ್ಷಾಕವಚವಲ್ಲ. ಔಷಧಿಯಿಂದ ಎಚ್‌ಡಿಎಲ್ ಏರಿಸಿ ನೋಡಿದ ಬಹುತೇಕ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ನನ್ನ 126ನ್ನು ವೈದ್ಯರು ಬಿಪಿ, ವಯಸ್ಸು, ಮನೆಯಲ್ಲಿ ಯಾರಿಗಾದರೂ ಬೇಗ ಹೃದಯದ ತೊಂದರೆ ಬಂದಿತ್ತೇ ಎಂಬುದರ ಜೊತೆಗಿಟ್ಟು ನೋಡಿದರು. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ, ಜೊತೆಗೆ ಥೈರಾಯ್ಡ್ ಪರೀಕ್ಷೆಯೂ ಆಗಲಿ ಎಂದರು. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ.

ಹೆಜ್ಜೆ 5: ಮಾತ್ರೆ ಮುಟ್ಟುವ ಮೊದಲು ಕೇಳಿ

“ಮತ್ತೆ ಮಾತ್ರೆ?”

“184 ಇರುವುದು ಮಾತ್ರೆ ನುಂಗುತ್ತಿರುವಾಗ ತಾನೆ? ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಜಾಗಕ್ಕೆ ಹೋಗುತ್ತದೆ. ದಿನಾ ತಗೊಳ್ತಿದ್ದೀಯಾ?”

ಅವನು ಕೆರೆ ಕಡೆ ನೋಡಿದ. “ವಾರದಲ್ಲಿ ನಾಲ್ಕು ದಿನ. ಕಾಲು ನೋಯುತ್ತೆ ಅಂತ…”

ಇದನ್ನು ಅವನು ವೈದ್ಯರಿಗೆ ಹೇಳಿರಲೇ ಇಲ್ಲ. ಹೇಳದಿದ್ದರೆ ಅವರು ಮಾತ್ರೆ ಸಾಲದು ಎಂದುಕೊಂಡು ಡೋಸ್ ಏರಿಸುತ್ತಾರೆ. ಹೇಳಿದರೆ ಮಾತ್ರೆ ಬದಲಿಸಬಹುದು, ಡೋಸ್ ಇಳಿಸಬಹುದು, ನೋವು ಮಾತ್ರೆಯದ್ದೇ ಹೌದೋ ಎಂದು ಪರೀಕ್ಷಿಸಬಹುದು. ಬದಲಿಸಿದ ಮೇಲೆ 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಏಳುವಾಗ ಅವನ ಕೊನೆಯ ಅಸ್ತ್ರ ಬಂತು. “ಮನೆಗೆ ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ ತಂದಿದ್ದೀನಿ ಕಣಯ್ಯ!”

ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ, ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಅದು ಪ್ರಾಣಿಗಳಿಂದ ಬರುವ ಆಹಾರದಲ್ಲಿ ಮಾತ್ರ. ಡಬ್ಬದ ಮೇಲಿನ ಆ ಮಾತು ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬು. ಎಲ್‌ಡಿಎಲ್ ಏರಿಸುವುದರಲ್ಲಿ ಅದರ ಪಾತ್ರವೇ ದೊಡ್ಡದು. ತುಪ್ಪ, ಕೊಬ್ಬರಿ ಎಣ್ಣೆ, ಪಾಮೆಣ್ಣೆ, ಡಾಲ್ಡಾಗಳಲ್ಲಿ ಅದು ಜಾಸ್ತಿ. ವೆಂಕಟೇಶನ ಟ್ರೈಗ್ಲಿಸರೈಡಿನ ಕಥೆಯೇ ಬೇರೆ. ಅದನ್ನು ಏರಿಸುವುದು ಸಿಹಿ, ತಟ್ಟೆ ತುಂಬ ಬಿಳಿ ಅನ್ನ, ಮದ್ಯ ಮತ್ತು ಹತೋಟಿಯಲ್ಲಿಲ್ಲದ ಶುಗರ್. ಎಣ್ಣೆ ಬದಲಿಸಿದ್ದಕ್ಕೆ ಅದು ಇಳಿಯುವುದಿಲ್ಲ.

ಅವನ ಹಾಳೆಯ ಹಿಂಬದಿಗೆ ವೈದ್ಯರಿಗಾಗಿ ಮೂರು ಸಾಲು ಬರೆದುಕೊಟ್ಟೆ: ನಾನ್-ಎಚ್‌ಡಿಎಲ್ 152. ಊಟ ಆದ ಮೇಲೆ ಎಂಟೇ ಗಂಟೆ ಬಿಟ್ಟು ರಕ್ತ ಕೊಟ್ಟದ್ದು. ಮಾತ್ರೆ ವಾರಕ್ಕೆ ನಾಲ್ಕು ದಿನ, ಕಾಲು ನೋವು.

“ಮೂರನೆಯದು ಬರೆಯಲೇಬೇಕಿತ್ತಾ?” ಎಂದ.