ಪ್ರಶ್ನೆ ಬ್ಯಾಂಕಿನಲ್ಲಿ ಸಾಲಿಗೆ ಒಂದೇ ಪ್ರಶ್ನೆ ಇಡಿ

ನಮ್ಮ ಭೌತಶಾಸ್ತ್ರ ವಿಭಾಗದ ಪ್ರಶ್ನೆ ಬ್ಯಾಂಕ್ ಗೂಗಲ್ ಶೀಟ್‌ನಲ್ಲಿದೆ. ಸಾಲಿಗೆ ಒಂದೇ ಪ್ರಶ್ನೆ. ಪಕ್ಕದ ಕಾಲಂಗಳಲ್ಲಿ ಪಾಠ, ಕಷ್ಟದ ಮಟ್ಟ, ಅಂಕ, ಕೊನೆಯ ಸಲ ಯಾವ ಪರೀಕ್ಷೆಗೆ ಕೇಳಿದ್ದು ಅಂತ ಇರುತ್ತದೆ. ಪಾಠದ ಹೆಸರಿಗೆ ಡ್ರಾಪ್‌ಡೌನ್ ಇಡಿ. ಒಬ್ಬರು ‘ಓಮ್ ನಿಯಮ’, ಇನ್ನೊಬ್ಬರು ‘ಓಮ್‌ನ ನಿಯಮ’ ಅಂತ ಟೈಪ್ ಮಾಡಿದ್ದರಿಂದ ಫಿಲ್ಟರ್ ಹಾಕಿದಾಗ ನಮಗೆ ಅರ್ಧ ಪ್ರಶ್ನೆಗಳು ಕಾಣಲೇ ಇಲ್ಲ.

ಅಂಕ ನೋಡಿ ಕಷ್ಟದ ಮಟ್ಟ ಹಾಕಬೇಡಿ. 5 ಅಂಕದ ಡೆರಿವೇಶನ್ ಬಾಯಿಪಾಠ ಮಾಡಿದವರಿಗೆ ಸುಲಭ ಅಲ್ವಾ? ಆದರೆ ‘ತಂತಿಯನ್ನು ಎರಡು ಪಟ್ಟು ಉದ್ದಕ್ಕೆ ಎಳೆದರೆ ರೋಧ ಎಷ್ಟಾಗುತ್ತದೆ?’ ಎಂಬ 2 ಅಂಕದ ಪ್ರಶ್ನೆಗೆ ತುಂಬಾ ಮಕ್ಕಳು ಎರಡು ಪಟ್ಟು ಅಂತ ಬರೆದರು. ತಂತಿ ತೆಳುವೂ ಆಗುವುದರಿಂದ ಸರಿಯುತ್ತರ ನಾಲ್ಕು ಪಟ್ಟು. ನಾವು ‘ಸುಲಭ’ ಅಂದಿದ್ದ ಆ ಪ್ರಶ್ನೆಯನ್ನು ಪೇಪರ್ ತಿದ್ದಿದ ದಿನವೇ ‘ಕಷ್ಟ’ಕ್ಕೆ ಬದಲಾಯಿಸಿದೆವು.