ಹೆಸರಿಲ್ಲದ ಅಲರ್ಟ್: ಒಳಗಿನವರ ಮೇಲೆ ಕಣ್ಣಿಡುವ ಕೆಲಸವನ್ನು ನಾನು ಮಾಡಿದ ರೀತಿ

ನಾನು ಒಂದು ಕಂಪನಿಯ ಸೆಕ್ಯೂರಿಟಿ ತಂಡವನ್ನು ನೋಡಿಕೊಳ್ಳುವವನು. 2021ರಲ್ಲಿ ನಮ್ಮಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಆಗ ಮೇಲಿನವರ ಒತ್ತಾಯಕ್ಕೆ ಪ್ರತಿ ಲ್ಯಾಪ್‌ಟಾಪಿಗೂ ಒಂದು ಸಾಫ್ಟ್‌ವೇರ್ ಹಾಕಿದೆವು. ಐದು ನಿಮಿಷಕ್ಕೊಮ್ಮೆ ಅದು ಸ್ಕ್ರೀನಿನ ಫೋಟೋ ತೆಗೆದು ನಮಗೆ ಕಳಿಸುತ್ತಿತ್ತು. ಎರಡು ತಿಂಗಳಾದ ಮೇಲೆ ಟೆಸ್ಟಿಂಗ್ ತಂಡದ ಒಬ್ಬ ಹೆಣ್ಣುಮಗಳು ನನಗೆ ಫೋನ್ ಮಾಡಿದರು. "ಸಾರ್, ನನ್ನ ಸ್ಕ್ಯಾನಿಂಗ್ ರಿಪೋರ್ಟ್ ನಿಮ್ಮ ತಂಡದವರು ನೋಡಿದ್ದಾರಾ?" ಎಂದು ಕೇಳಿದರು. ಊಟದ ಹೊತ್ತಲ್ಲಿ ಅವರು ಆಫೀಸಿನ ಲ್ಯಾಪ್‌ಟಾಪಿನಲ್ಲೇ ಆ ರಿಪೋರ್ಟ್ ತೆರೆದಿದ್ದರು. ಮಾರನೇ ದಿನ ನನ್ನ ತಂಡದ ಹುಡುಗನೊಬ್ಬ ಅವರಿಗೆ "ಕಂಗ್ರಾಟ್ಸ್" ಅಂತ ಮೆಸೇಜ್ ಹಾಕಿದ್ದ. "ನಮ್ಮ ಅತ್ತೆ ಮಾವನಿಗೂ ಇನ್ನೂ ಹೇಳಿರಲಿಲ್ಲ ಸಾರ್" ಎಂದರು. ಏನು ಹೇಳಬೇಕೋ ನನಗೆ ತೋಚಲಿಲ್ಲ.

ಆ ಸಾಫ್ಟ್‌ವೇರನ್ನು ಅದೇ ವಾರ ತೆಗೆಸಿದೆ. ಹಾಗಂತ ಕಾವಲನ್ನೇ ಬಿಡುವ ಹಾಗೂ ಇರಲಿಲ್ಲ. ನಮ್ಮದು ಬೆಂಗಳೂರಿನ, ಸುಮಾರು ಆರುನೂರು ಜನರ ಕಂಪನಿ. ಯಂತ್ರಗಳಿಗೆ ಕಂಟ್ರೋಲರ್ ಬೋರ್ಡ್ ಮತ್ತು ಅದರೊಳಗೆ ಓಡುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಮಾಡುತ್ತೇವೆ. ಅದರ ಹಿಂದಿನ ವರ್ಷವೇ ಕೆಲಸ ಬಿಟ್ಟು ಹೋದವರೊಬ್ಬರ ಜೊತೆ ಒಂದು ಬೋರ್ಡಿನ ಪೂರ್ತಿ ಡಿಸೈನ್ ಹೊರಗೆ ಹೋಗಿತ್ತು.

ಮೊದಲ ಸಲ ನಾನು ಮಾಡಿದ ತಪ್ಪು ಎಂದರೆ ಜನರನ್ನು ಕಾಯಲು ಹೊರಟಿದ್ದು. ಎರಡನೇ ಸಲ ಸಾಮಾನನ್ನು ಕಾಯೋಣ ಎಂದುಕೊಂಡೆ. ಕಳೆದುಹೋದರೆ ಕಂಪನಿಯೇ ನಡುಗುವಂಥದ್ದು ಏನಿದೆ ಎಂದು ಡಿಸೈನ್, ಸೇಲ್ಸ್, ಫೈನಾನ್ಸ್ ಮುಖ್ಯಸ್ಥರ ಜೊತೆ ಕೂತು ಪಟ್ಟಿ ಮಾಡಿದೆ. ನಾಲ್ಕೇ ಬಂದವು: ಫರ್ಮ್‌ವೇರ್ ಸೋರ್ಸ್, ಬೋರ್ಡ್ ಡಿಸೈನ್ ಫೈಲುಗಳು, ಗ್ರಾಹಕರಿಗೆ ಕೊಡುವ ರೇಟಿನ ಪಟ್ಟಿ, ಫರ್ಮ್‌ವೇರಿಗೆ ಸಹಿ ಹಾಕುವ ಕೀ. ಕೀ ಬಿಟ್ಟು ಉಳಿದ ಮೂರೂ ಇರುವುದು ಮೂರು ಸರ್ವರ್‌ಗಳಲ್ಲಿ. ಹಾಗಾಗಿ ಮುಖ್ಯ ಲಾಗ್ ಆ ಸರ್ವರ್‌ಗಳದ್ದು. ಯಾವ ಅಕೌಂಟು, ಯಾವ ಹೊತ್ತಿಗೆ, ಎಷ್ಟು ಫೈಲು ಇಳಿಸಿಕೊಂಡಿತು ಅನ್ನುವುದಷ್ಟೇ ಅದರಲ್ಲಿರುತ್ತದೆ. ಬ್ರೌಸರ್, ಮೇಲ್, ಚಾಟ್ ಯಾವುದೂ ಬೇಡ.

ಲ್ಯಾಪ್‌ಟಾಪಿನಿಂದ ತೆಗೆದುಕೊಳ್ಳುವುದು ಯುಎಸ್‌ಬಿ ವಿಷಯ ಮಾತ್ರ. ವಿಂಡೋಸಿನಲ್ಲಿ ಆಡಿಟ್ ಸೆಟ್ಟಿಂಗ್ ಆನ್ ಮಾಡಿದರೆ ಹೊಸ ಸಾಧನ ಚುಚ್ಚಿದಾಗ ಈವೆಂಟ್ 6416 ಬರುತ್ತದೆ. ಪೆನ್‌ಡ್ರೈವಿನ ಮೇಲೆ ಫೈಲ್ ಬರೆದಾಗ 4663 ಬರುತ್ತದೆ. 4663ರಲ್ಲಿ ಫೈಲಿನ ಹೆಸರಿರುತ್ತದೆ, ಒಳಗೆ ಏನಿದೆ ಅನ್ನುವುದು ಇರುವುದಿಲ್ಲ. ಆದರೆ ಹೆಸರೂ ಒಮ್ಮೊಮ್ಮೆ ಜಾಸ್ತಿ ಹೇಳಿಬಿಡುತ್ತದೆ. ಡೈವೋರ್ಸ್ ಅರ್ಜಿ ಎಂದು ಹೆಸರಿಟ್ಟ ಫೈಲನ್ನು ನಾನೇ ಕಂಡಿದ್ದೇನೆ. ಆದ್ದರಿಂದ ನೋಡುವವರ ಪರದೆಗೆ ಬರುವ ಮೊದಲೇ ಹೆಸರನ್ನು ಅಳಿಸಿ, ಫೈಲಿನ ಬಗೆ ಮತ್ತು ಎಣಿಕೆಯನ್ನಷ್ಟೇ ಉಳಿಸುತ್ತೇವೆ. ಸರ್ವರಿನಿಂದ ಇಳಿಸಿದ್ದು ಆ ವ್ಯಕ್ತಿಯ ಹಿಂದಿನ ಅರವತ್ತು ದಿನಗಳ ರೂಢಿಗಿಂತ ತುಂಬಾ ಜಾಸ್ತಿಯಾಗಿರಬೇಕು, ಮತ್ತು ಅದೇ ದಿನ ಯುಎಸ್‌ಬಿಗೆ ಏನಾದರೂ ಹೋಗಿರಬೇಕು. ಎರಡೂ ಸೇರಿದರೆ ಮಾತ್ರ ಅಲರ್ಟ್.

ಅಲರ್ಟಿನಲ್ಲಿ ಹೆಸರಿರಬಾರದು ಎಂದು ಹಟ ಹಿಡಿದೆ. ಇಲ್ಲೂ ಎಡವಿದೆ. ಮೊದಲು ಎಂಪ್ಲಾಯೀ ನಂಬರಿಗೆ ಸುಮ್ನೆ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಅದನ್ನೇ ಗುರುತಾಗಿ ಇಟ್ಟೆ. ನನ್ನ ತಂಡದ ಹುಡುಗಿಯೊಬ್ಬಳು ಬಂದು, "ಸಾರ್, ಇರೋದೇ ಆರುನೂರು ನಂಬರು. ಎಲ್ಲದಕ್ಕೂ ಹ್ಯಾಶ್ ತೆಗೆದು ಹೋಲಿಸಿದ್ರೆ ಒಂದು ಸೆಕೆಂಡಲ್ಲಿ ಯಾರು ಅಂತ ಗೊತ್ತಾಗುತ್ತೆ" ಎಂದಳು. ನನ್ನ ಮುಂದೆಯೇ ಮಾಡಿ ತೋರಿಸಿದಳು. ಈಗ ಗುಟ್ಟಿನ ಕೀ ಸೇರಿಸಿದ ಹ್ಯಾಶ್, ಅಂದರೆ ಎಚ್‌ಮ್ಯಾಕ್, ತೆಗೆಯುತ್ತೇವೆ:

```
printf '%s' "E10234" | openssl dgst -sha256 -hmac "$KEY"
```

ಇದು ಲೆಕ್ಕ ತೋರಿಸಲು ಮಾತ್ರ. ನಿಜವಾಗಿ ಇದು ಬೇರೆಯೇ ಒಂದು ಸರ್ವೀಸಿನ ಒಳಗೆ ನಡೆಯುತ್ತದೆ, ಆ ಕೀ ನನ್ನ ತಂಡದ ಯಾರ ಕೈಗೂ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೀ ಬದಲಾಗುತ್ತದೆ. ತಿಂಗಳಿಗೊಮ್ಮೆ ಬದಲಿಸಿ ನೋಡಿದೆವು. ಪ್ರತಿ ಸಲವೂ ಗುರುತು ಬದಲಾಗಿ ಅರವತ್ತು ದಿನಗಳ ರೂಢಿಯ ಲೆಕ್ಕ ತುಂಡಾಗುತ್ತಿತ್ತು. ಈಗಲೂ ಕೀ ಬದಲಾದಾಗ ಆ ಸರ್ವೀಸೇ ಹಳೆಯ ಲೆಕ್ಕವನ್ನು ಹೊಸ ಗುರುತಿಗೆ ದಾಟಿಸಬೇಕಾಗುತ್ತದೆ.

ಇಷ್ಟಾದರೂ ಹೆಸರು ಬೇರೆ ದಾರಿಯಿಂದ ನುಸುಳುತ್ತದೆ. ನಮ್ಮ ಲ್ಯಾಪ್‌ಟಾಪುಗಳಿಗೆ ಐಟಿಯವರು ಬಳಸುವವರ ಹೆಸರನ್ನೇ ಇಟ್ಟಿದ್ದರು. ಪೆನ್‌ಡ್ರೈವಿಗೆ ಜನ ತಮ್ಮ ಹೆಸರಿಟ್ಟಿರುತ್ತಾರೆ. ಮೂರೇ ಜನರಿರುವ ವಿಭಾಗದ ಹೆಸರು ಕಂಡರೆ ಊಹೆ ಮಾಡುವುದು ಕಷ್ಟವೇ ಅಲ್ಲ. ಹತ್ತಕ್ಕಿಂತ ಕಡಿಮೆ ಜನರ ವಿಭಾಗಗಳನ್ನು ಈಗ "ಇತರೆ" ಎಂದೇ ತೋರಿಸುತ್ತೇವೆ. ಹೆಸರು ಮುಚ್ಚಿದೆವು ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಮಷೀನ್ ಹೆಸರಿನ ಕಾಲಂ.

ಇನ್ನು ಹೆಸರು ತೆರೆಯುವ ಬಗೆ. ಗುರುತಿನಿಂದ ಹೆಸರಿಗೆ ಹೋಗುವ ಟೇಬಲ್ ಎರಡು ಪಾಸ್‌ವರ್ಡ್ ಸೇರಿದರೆ ಮಾತ್ರ ತೆರೆಯುತ್ತದೆ. ಒಂದು ಎಚ್‌ಆರ್ ಮುಖ್ಯಸ್ಥರ ಹತ್ತಿರ, ಇನ್ನೊಂದು ನಮ್ಮ ವಕೀಲರ ಹತ್ತಿರ. ನನ್ನ ಹತ್ತಿರ ಯಾವುದೂ ಇಲ್ಲ. ನಾನು ಒಂದು ಪುಟದ ಅರ್ಜಿ ಬರೆಯಬೇಕು: ಯಾವ ರೂಲ್ ಬಡಿಯಿತು, ಯಾವ ದಿನದಿಂದ ಯಾವ ದಿನದವರೆಗೆ ನೋಡಬೇಕು, ಹೆಸರಿಲ್ಲದೆ ಏನೇನು ವಿಚಾರಿಸಿದೆ. ಮೂರನೇ ಪ್ರಶ್ನೆ ಇಲ್ಲದಿದ್ದಾಗ ನಾವು ಬೇಗ ಹೆಸರಿಗೆ ಹಾರುತ್ತಿದ್ದೆವು.

ಕಳೆದ ವರ್ಷದ ಒಂದು ಪ್ರಸಂಗ ಹೇಳುತ್ತೇನೆ. ಒಂದು ಮಂಗಳವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಅಲರ್ಟ್ ಬಂತು. ಆ ಗುರುತಿನವರು ದಿನಕ್ಕೆ ಒಂದೆರಡು ರೆಪಾಸಿಟರಿ, ಅಂದರೆ ಸೋರ್ಸ್ ಕೋಡಿನ ಸಂಗ್ರಹ, ಇಳಿಸಿಕೊಳ್ಳುವವರು. ಅವತ್ತು ಒಂದು ಗಂಟೆಯೊಳಗೆ 34 ಸಲ, ಪೂರ್ತಿ ರೆಪಾಸಿಟರಿ ಇಳಿಸಿಕೊಳ್ಳುವ `git clone` ಆಗಿತ್ತು. ಅದರಲ್ಲಿ 29 ಅವರು ಹಿಂದೆಂದೂ ಮುಟ್ಟದವು. ಇಪ್ಪತ್ತು ನಿಮಿಷ ಬಿಟ್ಟು 6416, ಆಮೇಲೆ ಮೂರು ಫೈಲಿನ ಮೇಲೆ 4663. ಮೂರೂ `.7z`, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟುಗಳು.

ಬೆಳಿಗ್ಗೆ ಮೊದಲು ರಿಲೀಸ್ ನೋಡಿಕೊಳ್ಳುವವರನ್ನು ಕೇಳಿದೆ, ಈ ವಾರ ರಿಲೀಸ್ ಇದೆಯಾ ಎಂದು. ಇರಲಿಲ್ಲ. ರಿಲೀಸ್ ವಾರದಲ್ಲಿ ಇಂಥ ಎಣಿಕೆ ಮಾಮೂಲು. ಐಟಿಯವರನ್ನು ಕೇಳಿದೆ, ನಿನ್ನೆ ಯಾರಿಗಾದರೂ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದೀರಾ ಎಂದು. ನಮ್ಮ ಸುಳ್ಳು ಅಲರ್ಟುಗಳಲ್ಲಿ ಬಹುಪಾಲು ಅದರಿಂದಲೇ ಬರುತ್ತವೆ, ಹೊಸ ಮಷೀನಿಗೆ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುತ್ತಾರಲ್ವಾ. ಅದೂ ಅಲ್ಲ. ಎಚ್‌ಆರ್ ಸಿಸ್ಟಮಿನಿಂದ ನಮಗೆ ಒಂದೇ ಒಂದು ಸುಳಿವು ಬರುತ್ತದೆ, ಈ ಗುರುತಿನವರು ನೋಟಿಸ್ ಅವಧಿಯಲ್ಲಿದ್ದಾರೋ ಇಲ್ಲವೋ ಎಂದು. ಇದ್ದರು. ಅರ್ಜಿ ಬರೆದೆ. ಹನ್ನೊಂದು ಗಂಟೆಗೆ ಹೆಸರು ತೆರೆಯಿತು.

ಆತನ ಜೊತೆ ಮಾತಾಡಿದ್ದು ಎಚ್‌ಆರ್ ಮತ್ತು ಆತನ ಮ್ಯಾನೇಜರ್. ನಾನು ಹೋಗಲಿಲ್ಲ, ಸೆಕ್ಯೂರಿಟಿಯವರು ಎದುರು ಕೂತರೆ ಅದು ಪೊಲೀಸ್ ವಿಚಾರಣೆಯ ಹಾಗಾಗುತ್ತದೆ. ಆತ ಮುಚ್ಚಿಡಲಿಲ್ಲ. "ಐದು ವರ್ಷ ಇದರ ಮಧ್ಯೆನೇ ಇದ್ದೆ, ಮುಂದೆ ನೋಡ್ಕೊಳ್ಳೋಕೆ ಅಂತ ಇಟ್ಕೊಂಡೆ" ಎಂದ. ಡ್ರೈವ್ ಅವನ ಸ್ವಂತದ್ದು, ಮನೆಯಲ್ಲಿತ್ತು, ಮಧ್ಯಾಹ್ನ ತಂದ. ಅದರಲ್ಲಿ ಮಗುವಿನ ಫೋಟೋಗಳೂ ಇದ್ದವು. ಪೂರ್ತಿ ಡ್ರೈವನ್ನು ನಾವು ಕಾಪಿ ಮಾಡಿಕೊಳ್ಳಲಿಲ್ಲ. ಆತನ ಲಿಖಿತ ಒಪ್ಪಿಗೆ ಪಡೆದು, ಆತ ಮತ್ತು ವಕೀಲರ ಎದುರಿಗೆ ಆ ಮೂರು ಫೈಲುಗಳ ಹ್ಯಾಶ್ ತೆಗೆದು, ಅವನ್ನಷ್ಟೇ ನಕಲು ಮಾಡಿಕೊಂಡು, ಡ್ರೈವಿನಿಂದ ಅಳಿಸಿದೆವು. ಹ್ಯಾಶ್ ಬೇಕಾಗಿದ್ದಕ್ಕೆ ಕಾರಣವಿದೆ. ಮುಂದೆ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೊಡುವ ಸರ್ಟಿಫಿಕೇಟಿನಲ್ಲಿ ಹ್ಯಾಶ್ ನಮೂದಿಸಬೇಕು. ಕೋರ್ಟಿನವರೆಗೆ ಹೋಗಲಿಲ್ಲ. ಆತ ಬರೆದುಕೊಟ್ಟ, ರಿಲೀವಿಂಗ್ ಲೆಟರ್ ಹೇಳಿದ ದಿನಕ್ಕೇ ಸಿಕ್ಕಿತು. ಆತನ ತಂಡದವರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನನಗೆ ನಾಚಿಕೆಯಾದದ್ದು ಒಂದು ವಿಷಯಕ್ಕೆ. ಆ 29 ರೆಪಾಸಿಟರಿಗಳಿಗೆ ಆತನಿಗೆ ಪ್ರವೇಶ ಯಾಕಿತ್ತು? ಯಾರೋ ಎಂದೋ ಕೊಟ್ಟಿದ್ದರು, ತೆಗೆದಿರಲಿಲ್ಲ. ಈಗ ತೊಂಬತ್ತು ದಿನ ಮುಟ್ಟದ ಪ್ರವೇಶ ತಾನಾಗಿ ಹೋಗುತ್ತದೆ, ಬೇಕಾದವರು ಕೇಳಿ ಪಡೆಯಬೇಕು. ಅದಾದ ಮೇಲೆ ಅಲರ್ಟುಗಳೂ ಕಡಿಮೆಯಾದವು.

ಇನ್ನೊಂದು ಒತ್ತಡ ಆಗಾಗ ಬರುತ್ತಲೇ ಇರುತ್ತದೆ. ಮ್ಯಾನೇಜರೊಬ್ಬರು ಫೋನ್ ಮಾಡಿ, "ಅವನು ಬೇರೆ ಕಡೆ ಇಂಟರ್‌ವ್ಯೂ ಕೊಡ್ತಿದ್ದಾನಂತೆ, ಸ್ವಲ್ಪ ನೋಡ್ತಿರಿ" ಅನ್ನುತ್ತಾರೆ. ನೋಡುವುದಿಲ್ಲ. ಬೇರೆ ಕೆಲಸ ಹುಡುಕುವುದು ತಪ್ಪಲ್ಲ. ರಜೆ, ಅಪ್ರೈಸಲ್, ಸಾಲ, ಯಾವುದೂ ನಮ್ಮ ಲೆಕ್ಕಕ್ಕೆ ಬರಬಾರದು ಎಂದು ಬರೆದಿಟ್ಟುಕೊಂಡಿದ್ದೇವೆ. ಈ ಬಗ್ಗೆ ಕೇಳಿದವರಿಗೆ ನಮ್ಮ ವಕೀಲರು ಎರಡು ವಿಷಯ ಹೇಳುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟಿನಲ್ಲಿ ತೀರ್ಪು ಕೊಟ್ಟ ಆ ಕೇಸನ್ನು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ವ್ಯಾಪಾರದ ಗುಟ್ಟು ಕಾಪಾಡುವಂಥ ಕಾರಣಗಳಿಗೆ ಉದ್ಯೋಗಿಯ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ಕಂಪನಿಗೆ ಅವಕಾಶ ಕೊಡುತ್ತದೆ. ಒಪ್ಪಿಗೆ ಬೇಡ ಎಂದ ಮಾತ್ರಕ್ಕೆ ಹೇಳುವುದೂ ಬೇಡ ಎಂದು ನಾನು ಓದಿಕೊಳ್ಳುವುದಿಲ್ಲ. ಕೆಲಸಕ್ಕೆ ಸೇರುವ ದಿನವೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟ ಕೊಡುತ್ತೇವೆ, ಏನು ನೋಡುತ್ತೇವೆ, ಏನು ನೋಡುವುದಿಲ್ಲ ಎಂದು.

ಲಾಗ್ ಎಷ್ಟು ದಿನ ಇಡಬೇಕು ಅನ್ನುವುದರಲ್ಲಿ ನಮಗೆ ಪೂರ್ತಿ ಸ್ವಾತಂತ್ರ್ಯವಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಸಿಸ್ಟಮ್ ಲಾಗ್ 180 ದಿನ ಇರಬೇಕು. ಹಾಗಾಗಿ ಮೂಲ ಲಾಗ್ ಅಷ್ಟು ದಿನ ಬೀಗದಲ್ಲಿರುತ್ತದೆ. ಜೋಡಿಸಿ ಮಾಡಿದ ಅಲರ್ಟ್, ಕೇಸ್ ಆಗದಿದ್ದರೆ, 30 ದಿನಕ್ಕೆ ಅಳಿದುಹೋಗುತ್ತದೆ.

ಈ ಏರ್ಪಾಡಿಗೆ ಸಿಕ್ಕದ್ದು ತುಂಬಾ ಇದೆ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದರೆ ನಮಗೆ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೊಂದೇ ಇಳಿಸಿಕೊಂಡು ಮೂರು ತಿಂಗಳು ಕಾಯುವವರು ರೂಢಿಯ ಒಳಗೇ ಉಳಿಯುತ್ತಾರೆ. ಆ ನಾಲ್ಕು ಸಾಮಾನಿನಲ್ಲಿ ಸಹಿ ಹಾಕುವ ಕೀಗೆ ಮಾತ್ರ ನಾನು ಅಲರ್ಟನ್ನು ನಂಬಿಲ್ಲ. ಅದು ಹಾರ್ಡ್‌ವೇರ್ ಪೆಟ್ಟಿಗೆಯೊಳಗಿದೆ, ಯಾರೂ ಇಳಿಸಿಕೊಳ್ಳುವ ಹಾಗೇ ಇಲ್ಲ.

ಮೂರು ತಿಂಗಳಿಗೊಮ್ಮೆ ಎಲ್ಲ ಉದ್ಯೋಗಿಗಳಿಗೂ ಒಂದು ಸಣ್ಣ ಮೇಲ್ ಹೋಗುತ್ತದೆ: ಎಷ್ಟು ಅಲರ್ಟ್ ಬಂದವು, ಎಷ್ಟು ಸಲ ಹೆಸರು ತೆರೆಯಿತು. ಮೊದಲ ಮೇಲ್ ಹೋದ ದಿನ ಉತ್ತರ ಬರೆದವರು ಒಬ್ಬರೇ, 2021ರಲ್ಲಿ ನನಗೆ ಫೋನ್ ಮಾಡಿದ್ದ ಅವರೇ. ಎಚ್‌ಆರ್ ಮತ್ತು ವಕೀಲರು ಎಷ್ಟು ಸಲ ಬೇಡ ಎಂದರು ಅನ್ನುವುದನ್ನೂ ಸೇರಿಸಿ ಎಂದು ಕೇಳಿದ್ದರು. ಮುಂದಿನ ಮೇಲಿನಿಂದ ಆ ಸಾಲೂ ಇದೆ.