ಕೂಲರ್‌ಗೆ ಗ್ಯಾಸ್ ತುಂಬಿಸುವ ಮೊದಲು ಬಾಟಲಿಗಳನ್ನು ಸರಿಸಿ

ಬೇಸಿಗೆಯ ವಾರಾಂತ್ಯದಲ್ಲಿ ನಂದಿ ಬೆಟ್ಟಕ್ಕೆ ಹೋಗುವವರ ದಟ್ಟಣೆ ಹೆಚ್ಚು. ಆ ದಾರಿಯ ಅಂಗಡಿಗಳವರು ಶುಕ್ರವಾರ ರಾತ್ರಿಯೇ ಗಾಜಿನ ಬಾಗಿಲಿನ ಕೂಲರ್‌ಗೆ ಬಾಟಲಿಗಳನ್ನು ಸಂದಿಯಿಲ್ಲದಂತೆ ಒತ್ತಿ ತುಂಬುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಫ್ರಿಜ್ ದುರಸ್ತಿ ಮಾಡುವ ನನಗೆ ಶನಿವಾರ ಕರೆಗಳು ಬರತೊಡಗುತ್ತವೆ. ಹಾಗೆ ಕರೆದ ಅಂಗಡಿಯೊಂದರ ಅಕ್ಕ, "ಅಣ್ಣ, ಗ್ಯಾಸ್ ಖಾಲಿಯಾಗಿದೆ, ತುಂಬಿಸಿಕೊಡಿ" ಎಂದರು.

ಮೊದಲು ನಾನು ಕಾಂಪ್ರೆಸರ್ ಸದ್ದಿಗೆ ಕಿವಿಗೊಟ್ಟೆ. ಅದು ಸ್ವಲ್ಪ ಹೊತ್ತು ಓಡಿ ತಾನಾಗಿ ನಿಂತಿತು. ಗ್ಯಾಸ್ ಕಡಿಮೆಯಿದ್ದರೆ ಸಾಮಾನ್ಯವಾಗಿ ಹೀಗಾಗದು. ತಣ್ಣಗಾಗದೆ ಅದು ಓಡುತ್ತಲೇ ಇರುತ್ತದೆ. ಮೇಲಿನ ತಟ್ಟೆಯ ಹಿಂಬದಿಯ ನೀರಿನ ಬಾಟಲಿಯಲ್ಲಿ ಮಂಜಿನ ಎಳೆಗಳಿದ್ದವು. ಕೆಳಗಿನ ತಟ್ಟೆಯ ಬಾಟಲಿಯೊಂದರ ಮುಚ್ಚಳ ತೆಗೆದು ಥರ್ಮಾಮೀಟರ್ ಇಳಿಬಿಟ್ಟರೆ 19 ಡಿಗ್ರಿ. ತಂಪು ಹುಟ್ಟುತ್ತಿದೆ, ಕೆಳಗೆ ತಲುಪುತ್ತಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಆ ಕೂಲರ್‌ನಲ್ಲಿ ಕಾಯಿಲ್ ಮತ್ತು ಫ್ಯಾನ್ ಮೇಲ್ಭಾಗದಲ್ಲಿವೆ. ತಣ್ಣನೆಯ ಗಾಳಿ ಹಿಂದಿನ ಗೋಡೆಯುದ್ದಕ್ಕೂ ಇಳಿದು, ತಂತಿ ತಟ್ಟೆಗಳ ನಡುವೆ ಹಾದು, ಬಾಗಿಲಿನ ಬದಿಯಿಂದ ಮೇಲೇರಿ ಫ್ಯಾನ್‌ಗೆ ಮರಳಬೇಕು. ಹಿಂಗೋಡೆಗೆ ಬಾಟಲಿಗಳು ಅಂಟಿಕೊಂಡಿದ್ದರೆ ಗಾಳಿ ಇಳಿಯಲಾರದೆ ಮೇಲಿನ ತಟ್ಟೆಯಲ್ಲೇ ಸುತ್ತಿ ಫ್ಯಾನ್ ಒಳಗೆ ಹೋಗುತ್ತದೆ. ಗಾಳಿಯ ತಂಪನ್ನು ಅಳೆಯುವ ಥರ್ಮೋಸ್ಟಾಟ್ ಇರುವುದೂ ಅಲ್ಲೇ. ಕೆಳಗೆ ಎಷ್ಟೇ ಬಿಸಿಯಿದ್ದರೂ ಅದು 'ಸಾಕು' ಎಂದು ಕಾಂಪ್ರೆಸರ್ ನಿಲ್ಲಿಸುತ್ತದೆ. ಗುಂಡಿ ತಿರುಗಿಸಿ ತಂಪು ಹೆಚ್ಚಿಸಿದರೆ ಮೇಲಿನವು ಇನ್ನಷ್ಟು ಹೆಪ್ಪುಗಟ್ಟುತ್ತವೆ, ಅಷ್ಟೇ.

ಹಿಂಬದಿಯ ಸಾಲನ್ನು ಎರಡು ಬೆರಳು ತೂರುವಷ್ಟು ಮುಂದೆ ಎಳೆದೆ, ಮುಂದಿನ ಸಾಲನ್ನು ಬಾಗಿಲಿನಿಂದ ಅಷ್ಟೇ ಹಿಂದಕ್ಕೆ ಸರಿಸಿದೆ. ಫ್ಯಾನ್‌ನ ಬಾಯಿಗೆ ಅಡ್ಡ ಮಲಗಿಸಿದ್ದ ಬಾಟಲಿಗಳನ್ನು ಹೊರತೆಗೆದೆ. ನಿಜವಾದ ಅಡ್ಡಗೋಡೆ ಮಾತ್ರ ಬೇರೆಯೇ ಇತ್ತು: ಸಣ್ಣ ಬಾಟಲಿಗಳು ತಂತಿಗಳ ನಡುವೆ ವಾಲದಿರಲೆಂದು ಪ್ರತಿ ತಟ್ಟೆಗೂ ರಟ್ಟು ಹಾಸಿದ್ದರು. ತಟ್ಟೆಗಳನ್ನು ತಂತಿಯಲ್ಲಿ ಮಾಡುವುದೇ ಗಾಳಿ ಹಾಯಲೆಂದು. ರಟ್ಟು ತೆಗೆಸಿ, ದೊಡ್ಡ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಕತ್ತರಿಸಿ ಹಾಸಿದೆ. "ಇಷ್ಟು ಜಾಗ ಬಿಟ್ಟರೆ ವ್ಯಾಪಾರ ಹೇಗಣ್ಣ?" ಎಂಬ ಅಕ್ಕನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಿಸಿ ಬಾಟಲಿಯನ್ನು ಗಿರಾಕಿ ಹೇಗೂ ಕೊಳ್ಳುವುದಿಲ್ಲ. ಮರುದಿನ ಬೆಳಿಗ್ಗೆ ಕೆಳಗಿನ ತಟ್ಟೆಯ ನೀರು 6 ಡಿಗ್ರಿಗೆ ಇಳಿದಿತ್ತು.

ಬಿಸಿಲಲ್ಲಿ ಬಂದ ಹೊಸ ಸರಕನ್ನು ಹಗಲಿನಲ್ಲಿ ಒಟ್ಟಿಗೇ ತುಂಬಿದರೆ ಎಷ್ಟು ಸಂದಿ ಬಿಟ್ಟರೂ ಸಂಜೆಯೊಳಗೆ ತಣ್ಣಗಾಗುವುದು ಕಷ್ಟ. ಅದನ್ನು ಅಂಗಡಿ ಮುಚ್ಚುವಾಗ ಇಡಲು ಹೇಳಿದ್ದೇನೆ. ಗಾಳಿಗೆ ದಾರಿ ಬಿಟ್ಟು, ಇಡೀ ರಾತ್ರಿ ಬಾಗಿಲು ಮುಚ್ಚಿಟ್ಟ ಮೇಲೂ ಕಾಂಪ್ರೆಸರ್ ನಿಲ್ಲದೆ ಓಡಿ, ಎಲ್ಲ ತಟ್ಟೆಗಳೂ ಒಂದೇ ರೀತಿ ಬೆಚ್ಚಗಿದ್ದರೆ ಆಗ ಕಂಡೆನ್ಸರ್‌ನ ಧೂಳು, ಬಾಗಿಲಿನ ರಬ್ಬರ್ ನೋಡುತ್ತೇನೆ. ಗ್ಯಾಸಿನ ಪರೀಕ್ಷೆ ಅದಾದ ಮೇಲೆ.